ಚಾರ್ಜರ್ ಎಲ್ಲಿದೆಯೋ ಫೋನ್ ಅಲ್ಲಿ

ಅಕ್ಕನ ಮಗಳು ನಮ್ಮ ಮನೆಯಲ್ಲಿದ್ದುಕೊಂಡೇ ಮೈಸೂರಿನಲ್ಲಿ ಎರಡನೇ ಪಿಯುಸಿ ಓದಿದಳು. ಪಿಸಿಎಂಬಿ. ಚುರುಕು ಹುಡುಗಿ, ಸೋಮಾರಿಯಂತೂ ಅಲ್ಲ. ಆದರೂ ಸಂಜೆ ಎರಡು ಗಂಟೆ ಪುಸ್ತಕದ ಮುಂದೆ ಕೂತು ಎದ್ದರೆ ನಾಲ್ಕು ಪುಟ ದಾಟುತ್ತಿರಲಿಲ್ಲ. ಯಾಕೆ ಅಂದರೆ ಉತ್ತರ ಸಿದ್ಧವಾಗಿರುತ್ತಿತ್ತು: "ಗ್ರೂಪಲ್ಲಿ ಮೆಸೇಜ್ ಬರ್ತಾನೇ ಇರುತ್ತೆ ಚಿಕ್ಕಮ್ಮ, ನಾನೇನ್ ಮಾಡ್ಲಿ?"

ಜುಲೈ ತಿಂಗಳ ಒಂದು ಸಂಜೆ ಅವಳ ಕೈಗೆ ಒಂದು ಚೀಟಿ ಕೊಟ್ಟೆ. ಫೋನ್ ಮುಟ್ಟಬೇಡ ಅಂತ ಹೇಳಲಿಲ್ಲ. ಕೈ ಫೋನಿನ ಕಡೆ ಹೋದಾಗಲೆಲ್ಲ ಒಂದು ಗೀಟು ಹಾಕು, ಫೋನೇ ಸದ್ದು ಮಾಡಿ ಕರೆದಿದ್ದರೆ ಆ ಗೀಟಿನ ತಲೆಯ ಮೇಲೆ ಒಂದು ಚುಕ್ಕಿ ಇಡು, ಅಷ್ಟೇ ಅಂದೆ. ಆರೂವರೆಯಿಂದ ಎಂಟೂವರೆಯವರೆಗೆ ಲೆಕ್ಕ. ಎಂಟೂವರೆಗೆ ಚೀಟಿ ನೋಡಿದರೆ 31 ಗೀಟುಗಳಿದ್ದವು. ಚುಕ್ಕಿ ಇದ್ದದ್ದು ನಾಲ್ಕಕ್ಕೆ.

ಅವಳು ಚೀಟಿಯನ್ನು ತಿರುಗಿಸಿ ಮುರುಗಿಸಿ ನೋಡಿದಳು. ಉಳಿದ 27 ಸಲ ಫೋನ್ ಅವಳನ್ನು ಕರೆದೇ ಇರಲಿಲ್ಲ. ಇವಳೇ ಅದರ ಹತ್ತಿರ ಹೋಗಿದ್ದಳು.

ನಮ್ಮ ಮನೆಯ ಚೀಟಿ ಹೇಳಿದ್ದನ್ನೇ ಲಂಡನ್ ಸ್ಕೂಲ್ ಆಫ್ ಎಕನಾಮಿಕ್ಸ್‌ನ ಇಬ್ಬರು ಸಂಶೋಧಕರು ಬಹಳ ಅಚ್ಚುಕಟ್ಟಾಗಿ ದಾಖಲಿಸಿದ್ದಾರೆ. ಮ್ಯಾಕ್ಸಿ ಹೈಟ್‌ಮಾಯರ್ ಮತ್ತು ಸಾದಿ ಲಾಲೂ ಅವರ ಹೆಸರು. ಅವರು 37 ಜನರಿಗೆ ಸಣ್ಣ ಕ್ಯಾಮೆರಾ ತೊಡಿಸಿ, ದಿನನಿತ್ಯದ ಕೆಲಸದ ನಡುವೆ ಅವರು ಫೋನನ್ನು ಯಾವಾಗ, ಯಾಕೆ ಎತ್ತಿಕೊಳ್ಳುತ್ತಾರೆ ಎಂದು ವಿಡಿಯೋದಲ್ಲೇ ನೋಡಿದರು. ಆಮೇಲೆ ಅದೇ ವಿಡಿಯೋವನ್ನು ಅವರೊಂದಿಗೆ ಕೂತು ನೋಡಿ ವಿಚಾರಿಸಿದರು. 2021ರಲ್ಲಿ ಪ್ರಕಟವಾದ ಆ ವರದಿಯ ಪ್ರಕಾರ, ಫೋನ್ ಕೈಗೆ ಬಂದ ನೂರು ಸಲದಲ್ಲಿ 89 ಸಲ ಅದನ್ನು ಎತ್ತಿಕೊಂಡದ್ದು ಮನುಷ್ಯರೇ, ತಾವಾಗಿ. ಸದ್ದು ಕೇಳಿ ಎತ್ತಿಕೊಂಡದ್ದು 11 ಸಲ ಮಾತ್ರ.

ಓದುವ ಮಕ್ಕಳಿಗೆ ನಾವು ಸಾಮಾನ್ಯವಾಗಿ ಕೊಡುವ ಸಲಹೆ ಒಂದೇ: ಫೋನ್ ಸೈಲೆಂಟ್ ಮಾಡಿ ಪಕ್ಕಕ್ಕಿಡು. ಈ ಲೆಕ್ಕ ನೋಡಿದರೆ ಆ ಸಲಹೆ ಹನ್ನೊಂದು ಪಾಲಿನ ಕಾಯಿಲೆಗೆ ಮದ್ದು, ಎಂಬತ್ತೊಂಬತ್ತು ಪಾಲು ಹಾಗೇ ಉಳಿಯುತ್ತದೆ. ಅಷ್ಟೇ ಅಲ್ಲ, ಸದ್ದಿಲ್ಲದ ಫೋನ್ ಇನ್ನೊಂದು ಕಾಟ ಕೊಡುತ್ತದೆ. ಏನಾದರೂ ಬಂದಿರಬಹುದಾ ಎಂದು ತಿಳಿಯಲು ಎತ್ತಿ ನೋಡದೆ ಬೇರೆ ದಾರಿ ಇರುವುದಿಲ್ಲವಲ್ಲ!

ಗೀಟು ಬಿದ್ದ ಜಾಗಗಳು

ಮರುದಿನ ಚೀಟಿಯ ಬದಲು ಪುಸ್ತಕದ ಅಂಚಿನಲ್ಲೇ ಪೆನ್ಸಿಲಿನಿಂದ ಗೀಟು ಹಾಕಲು ಹೇಳಿದೆ. ಯಾವ ಸಾಲು ಓದುವಾಗ ಕೈ ಹೋಯಿತೋ ಆ ಸಾಲಿನ ಪಕ್ಕದಲ್ಲೇ. ಅವತ್ತು ಅವಳು ಭೌತಶಾಸ್ತ್ರದಲ್ಲಿ ಗಾಸ್‌ನ ನಿಯಮ ಓದುತ್ತಿದ್ದಳು. ವ್ಯಾಖ್ಯಾನ ಇರುವ ಪುಟದಲ್ಲಿ ಒಂದೇ ಒಂದು ಗೀಟು. ಉದ್ದನೆಯ ತಂತಿಯ ಸುತ್ತಲಿನ ವಿದ್ಯುತ್ ಕ್ಷೇತ್ರವನ್ನು ಲೆಕ್ಕ ಹಾಕಿ ತೋರಿಸುವ ಪುಟದಲ್ಲಿ, ಒಂದು ಹೆಜ್ಜೆಯಿಂದ ಇನ್ನೊಂದಕ್ಕೆ ಹೇಗೆ ಬಂದರು ಅಂತ ಗೊತ್ತಾಗದ ಕಡೆ, ಬೇಲಿ ನೆಟ್ಟ ಹಾಗೆ ಒಂದರ ಪಕ್ಕ ಒಂದು ಆರು ಗೀಟು.

ನನಗೆ ಆ ಆರು ಗೀಟು ಬಹಳ ಹೇಳಿದವು. ಕೈ ಫೋನಿಗೆ ಹೋಗುವುದು ಬೇಜಾರಾದಾಗ ಎಂದುಕೊಂಡಿದ್ದೆ, ಆದರೆ ಹೆಚ್ಚಾಗಿ ಹೋಗುವುದು ತಲೆ ಒಂದು ಕಡೆ ತಡವರಿಸಿದಾಗ. ಗೊತ್ತಾಗದೆ ಇರುವುದು ಒಂದು ಬಗೆಯ ಸಣ್ಣ ನೋವು. ಆ ನೋವು ಶುರುವಾದ ಕ್ಷಣದಲ್ಲೇ ಒಂದು ಗೇಣು ದೂರದಲ್ಲಿ ಅದಕ್ಕೆ ಮದ್ದು ಕೂತಿದೆ. ಕೈ ಚಾಚಿದರೆ ಮುಗಿಯಿತು. ತೊಂದರೆ ಏನೆಂದರೆ ಆ ಲೆಕ್ಕದ ಹೆಜ್ಜೆ ಅರ್ಥವಾಗಬೇಕಾದರೆ ಆ ತಡವರಿಕೆಯಲ್ಲೇ ಒಂದೆರಡು ನಿಮಿಷ ಇರಬೇಕು. ಫೋನ್ ಕಸಿಯುವುದು ಆ ಎರಡು ನಿಮಿಷವನ್ನು.

"ಗಟ್ಟಿ ಮನಸ್ಸು ಮಾಡು" ಎಂದು ಹೇಳುವುದರಿಂದ ಇಲ್ಲಿ ಏನೂ ಆಗುವುದಿಲ್ಲ. ಎರಡು ಗಂಟೆಯಲ್ಲಿ 31 ಸಲ ಮನಸ್ಸು ಗಟ್ಟಿ ಮಾಡಬೇಕು, ಅದೂ ಓದು ಕಷ್ಟವಾದ ಕ್ಷಣದಲ್ಲೇ. ಮೂವತ್ತು ಸಲ ಗೆದ್ದರೂ ಮೂವತ್ತೊಂದನೇ ಸಲ ಸೋತರೆ ಇಪ್ಪತ್ತು ನಿಮಿಷ ರೀಲ್ಸ್‌ಗೆ ಹೋಯಿತು.

ಸಂಯಮದ ವಿಚಾರ ಬಂದಾಗಲೆಲ್ಲ ಜನ ಅಮೆರಿಕದ ಸ್ಟ್ಯಾನ್‌ಫರ್ಡ್ ವಿಶ್ವವಿದ್ಯಾಲಯದ ಶಿಶುವಿಹಾರದಲ್ಲಿ ವಾಲ್ಟರ್ ಮಿಶೆಲ್ ನಡೆಸಿದ ಪ್ರಯೋಗದ ಕತೆ ಹೇಳುತ್ತಾರೆ. ಈಗಲೇ ತಿಂದರೆ ಸಣ್ಣ ತಿಂಡಿ, ಸ್ವಲ್ಪ ಕಾದರೆ ಇಷ್ಟದ ತಿಂಡಿ; ಕಾದ ಮಕ್ಕಳು ಮುಂದೆ ಬಂದರು ಅಂತ. ಆ ಕತೆಯ ಮುಖ್ಯ ಭಾಗವನ್ನೇ ಹೇಳುವವರು ಬಿಟ್ಟುಬಿಡುತ್ತಾರೆ. 1970ರಲ್ಲಿ ಮಿಶೆಲ್ ಮತ್ತು ಎಬ್ಬೆಸನ್ ಪ್ರಕಟಿಸಿದ ಪ್ರಯೋಗದಲ್ಲಿ ತಿಂಡಿ ಎರಡೂ ಕಣ್ಣೆದುರಿಗೇ ಇದ್ದಾಗ ಮಕ್ಕಳು ಕಾದದ್ದು ಸರಾಸರಿ ಒಂದು ನಿಮಿಷದಷ್ಟು. ತಿಂಡಿಯನ್ನು ಕಣ್ಣಿಗೆ ಕಾಣದಂತೆ ಇಟ್ಟಾಗ ಹನ್ನೊಂದು ನಿಮಿಷ ಕಾದರು. ಅದೇ ವಯಸ್ಸಿನ, ಅದೇ ಶಿಶುವಿಹಾರದ ಮಕ್ಕಳು. ಬದಲಾದದ್ದು ತಿಂಡಿ ಇದ್ದ ಜಾಗ.

ಓದುವವರ ಮೇಲೆಯೇ ನಡೆದ ಪ್ರಯೋಗವೂ ಇದೆ. ಆಂಜೆಲಾ ಡಕ್‌ವರ್ತ್ ಮತ್ತು ಸಂಗಡಿಗರು 2016ರಲ್ಲಿ ಪ್ರಕಟಿಸಿದ್ದು. ಕಾಲೇಜು ಹುಡುಗರು ಓದಿನ ಬಗ್ಗೆ ತಮ್ಮದೇ ಒಂದು ಗುರಿ ಇಟ್ಟುಕೊಂಡರು. ಒಂದು ಗುಂಪಿಗೆ, ನಿಮ್ಮ ಸುತ್ತಮುತ್ತ ಏನನ್ನಾದರೂ ಬದಲಿಸಿ, ಆಸೆ ಹುಟ್ಟಿಸುವ ವಸ್ತುವನ್ನು ಮೊದಲೇ ದೂರವಿಡಿ ಎಂದರು. ಇನ್ನೊಂದು ಗುಂಪಿಗೆ, ಆಸೆ ಬಂದಾಗ ತಡೆದುಕೊಳ್ಳಿ ಎಂದರು. ವಾರ ಕಳೆದ ಮೇಲೆ ಕೇಳಿದರೆ ಗುರಿಗೆ ಹೆಚ್ಚು ಹತ್ತಿರ ಬಂದವರು ಮೊದಲ ಗುಂಪಿನವರು. ಅವರು ಹೆಚ್ಚು ತಡೆದುಕೊಂಡರು ಎಂದೇನಲ್ಲ, ಅವರಿಗೆ ಆಸೆಯೇ ಕಡಿಮೆ ಬಂದಿತ್ತು.

ಫ್ರಿಜ್ಜಿನ ಮೇಲೆ

ಹಾಗಾದರೆ ಎಷ್ಟು ದೂರ? ಟೆಕ್ಸಸ್ ವಿಶ್ವವಿದ್ಯಾಲಯದ ಏಡ್ರಿಯನ್ ವಾರ್ಡ್ ಮತ್ತು ಜೊತೆಗಾರರು 2017ರಲ್ಲಿ ಇದನ್ನೇ ಪರೀಕ್ಷಿಸಿದರು. ಫೋನ್ ಸೈಲೆಂಟ್. ಕೆಲವರು ಅದನ್ನು ಮೇಜಿನ ಮೇಲೆ ಮಗುಚಿಟ್ಟರು, ಕೆಲವರು ಜೇಬಿನಲ್ಲೋ ಚೀಲದಲ್ಲೋ ಇಟ್ಟುಕೊಂಡರು, ಕೆಲವರು ಪಕ್ಕದ ಕೋಣೆಯಲ್ಲಿ ಬಿಟ್ಟು ಬಂದರು. ನೆನಪು ಮತ್ತು ತರ್ಕದ ಪರೀಕ್ಷೆಯಲ್ಲಿ ಪಕ್ಕದ ಕೋಣೆಯಲ್ಲಿ ಬಿಟ್ಟವರು ಮೇಜಿನ ಮೇಲಿಟ್ಟವರಿಗಿಂತ ಚೆನ್ನಾಗಿ ಮಾಡಿದರು. ಫೋನ್ ಸುಮ್ಮನೆ ಎದುರಿಗಿದ್ದರೂ ತಲೆಯ ಒಂದು ಮೂಲೆಯನ್ನು ಅದು ಹಿಡಿದಿರುತ್ತದೆ ಎಂಬುದು ಅವರ ವಾದ. ಆಮೇಲೆ ಬೇರೆಯವರು ಇದನ್ನು ಮತ್ತೆ ಮಾಡಿ ನೋಡಿದಾಗ ಎಲ್ಲರಿಗೂ ಇದೇ ಫಲಿತಾಂಶ ಬರಲಿಲ್ಲ. ಹಾಗಾಗಿ ಸುಮ್ಮನಿರುವ ಫೋನ್ ಬುದ್ಧಿಯನ್ನೇ ಕುಂದಿಸುತ್ತದೆ ಎಂದು ನಾನು ಯಾರನ್ನೂ ಹೆದರಿಸುವುದಿಲ್ಲ. ಪಕ್ಕದ ಕೋಣೆಯ ಲಾಭ ತಿಳಿಯಲು ಅಷ್ಟು ದೂರ ಹೋಗಬೇಕಾಗಿಯೂ ಇಲ್ಲ. ಅಲ್ಲಿದ್ದರೆ ಕೈಗೆ ಸಿಗುವುದಿಲ್ಲ, ಅದು ಸಾಕು.

ಆದರೆ ಫೋನ್ ಆಚೆ ಇಡುವ ಮೊದಲು ಒಂದು ಕೆಲಸವಿತ್ತು. ಇದನ್ನು ಬಿಟ್ಟವರೇ ಎರಡನೇ ದಿನ ಸೋಲುವುದು. ಅವಳ ಫೋನ್ ಓದುವಾಗ ಏನೇನು ಕೆಲಸ ಮಾಡಿಕೊಡುತ್ತಿತ್ತು ಎಂದು ಇಬ್ಬರೂ ಕೂತು ಬರೆದೆವು. ಗಂಟೆ ನೋಡಲು. ಅಲಾರಂ. ಲೆಕ್ಕಕ್ಕೆ ಕ್ಯಾಲ್ಕುಲೇಟರ್. ಟ್ಯೂಷನ್‌ನವರು ವಾಟ್ಸ್‌ಆ್ಯಪ್‌ನಲ್ಲಿ ಕಳಿಸುವ ಪಿಡಿಎಫ್ ನೋಟ್ಸು. ಗೊತ್ತಾಗದ ಪದಕ್ಕೆ ಅರ್ಥ. ಡೌಟು ಬಂದರೆ ಯೂಟ್ಯೂಬಿನಲ್ಲಿ ಪಾಠ. ಊರಿನಿಂದ ಅಮ್ಮನ ಫೋನು. ಇಷ್ಟೂ ಕೆಲಸಕ್ಕೆ ಬೇರೆ ವ್ಯವಸ್ಥೆ ಇಲ್ಲದೆ ಫೋನನ್ನು ಒಳಗಿಟ್ಟರೆ, ಅರ್ಧ ಗಂಟೆಯಲ್ಲಿ ಯಾವುದೋ ಒಂದು ನ್ಯಾಯವಾದ ಕಾರಣಕ್ಕೇ ಅದು ವಾಪಸ್ ಮೇಜಿಗೆ ಬರುತ್ತದೆ. ಬಂದದ್ದು ಮತ್ತೆ ಹೋಗುವುದಿಲ್ಲ.

ಒಂದೊಂದಕ್ಕೂ ದಾರಿ ಮಾಡಿದೆವು. ಗೋಡೆಯ ಗಡಿಯಾರ ಅವಳ ಬೆನ್ನ ಹಿಂದಿತ್ತು, ಎದುರಿಗೆ ತಂದು ಹಾಕಿದೆ. ಅಂಗಡಿಯಿಂದ ಒಂದು ಪುಟ್ಟ ಅಲಾರಂ ಗಡಿಯಾರ ಬಂತು. ಪಿಯುಸಿಯ ಲೆಕ್ಕಗಳಿಗೆ ಲಾಗ್ ಟೇಬಲ್ ಪುಸ್ತಕವೇ ಸಾಕು, ಪರೀಕ್ಷೆಯಲ್ಲಿ ಸೈಂಟಿಫಿಕ್ ಕ್ಯಾಲ್ಕುಲೇಟರ್ ಬಿಡುವುದೂ ಇಲ್ಲ. ಅದು ಒಳ್ಳೆಯದೇ ಆಯಿತು. ವಾರದ ಪಿಡಿಎಫ್‌ಗಳನ್ನು ಶನಿವಾರ ಒಟ್ಟಿಗೆ ಝೆರಾಕ್ಸ್ ಅಂಗಡಿಗೆ ಕಳಿಸಿ ಪ್ರಿಂಟ್ ತೆಗೆಸಿ, ದಾರದಲ್ಲಿ ಕಟ್ಟಿಟ್ಟಳು. ಪದದ ಅರ್ಥ ಮತ್ತು ಡೌಟಿಗೆ ಒಂದು ಹಳೇ ನೋಟ್‌ಬುಕ್ಕನ್ನು ಅಡ್ಡ ಹಿಡಿದು, ಮೇಲೆ "ಆಮೇಲೆ ನೋಡೋದು" ಎಂದು ಬರೆದುಕೊಂಡಳು. ಓದುವಾಗ ಏನೇ ಹೊಳೆಯಲಿ, ಗಾಸ್‌ನ ಡೌಟಿರಲಿ, ಗೆಳತಿಯ ಹುಟ್ಟುಹಬ್ಬಕ್ಕೆ ಮೆಸೇಜ್ ಮಾಡಬೇಕು ಅಂತಿರಲಿ, ಅದರಲ್ಲಿ ಒಂದು ಸಾಲು ಗೀಚಿ ಮುಂದೆ ಹೋಗುವುದು. ಎಂಟೂವರೆಗೆ ಎಲ್ಲವನ್ನೂ ಒಟ್ಟಿಗೆ ನೋಡುವುದು.

ಈ ನೋಟ್‌ಬುಕ್ಕಿನ ಬಗ್ಗೆ ಒಂದು ಮಾತು. ಮೊದಲ ವಾರದ ಕೊನೆಗೆ ನೋಡಿದಾಗ ಅದರಲ್ಲಿ ನಲವತ್ತಕ್ಕೂ ಹೆಚ್ಚು ಸಾಲುಗಳಿದ್ದವು. ಅವುಗಳಲ್ಲಿ ಅರ್ಧಕ್ಕರ್ಧ, ಎಂಟೂವರೆ ಹೊತ್ತಿಗೆ, ನೋಡುವ ಅಗತ್ಯವೇ ಉಳಿದಿರಲಿಲ್ಲ. ಡೌಟು ಮುಂದಿನ ಪುಟದಲ್ಲಿ ತಾನಾಗಿ ಬಗೆಹರಿದಿತ್ತು, ಇಲ್ಲವೇ ಆ ಆಸೆ ಆರಿಹೋಗಿತ್ತು.

ಅಮ್ಮನ ಫೋನಿಗೆ ದಾರಿ ಫೋನಿನೊಳಗೇ ಇದೆ. `Do Not Disturb` ಹಾಕಿ, ಮೆಚ್ಚಿನವರ ಪಟ್ಟಿಯಲ್ಲಿ ಅಮ್ಮ ಅಪ್ಪನ ನಂಬರ್ ಸೇರಿಸಿದರೆ ಅವರ ಕರೆ ಮಾತ್ರ ರಿಂಗ್ ಆಗುತ್ತದೆ. ಬೇರೆ ಯಾರೇ ಆಗಲಿ ಮೇಲಿಂದ ಮೇಲೆ ಎರಡು ಸಲ ಮಾಡಿದರೆ ರಿಂಗ್ ಆಗುವ ಹಾಗೂ ಇಟ್ಟುಕೊಳ್ಳಬಹುದು. ನಿಜವಾದ ತುರ್ತಿದ್ದವರು ಎರಡನೇ ಸಲ ಮಾಡೇ ಮಾಡುತ್ತಾರೆ. ಇದು ಗೊತ್ತಾದ ಮೇಲೆ "ಏನಾದ್ರೂ ಅರ್ಜೆಂಟ್ ಇದ್ರೆ?" ಎಂಬ ವಾದ ಬಿದ್ದುಹೋಯಿತು.

ಆಮೇಲೆ ಫೋನಿಗೆ ಜಾಗ. ಅವಳ ಕೋಣೆಯಿಂದ ಹಜಾರ ದಾಟಿ ಅಡುಗೆಮನೆಯ ಬಾಗಿಲಲ್ಲಿರುವ ಫ್ರಿಜ್ಜಿನ ಮೇಲೆ ಇಟ್ಟೆವು. ಮೊದಲ ದಿನವೇ ಒಂದು ಎಡವಟ್ಟು. ಸದ್ದು ನಿಲ್ಲಿಸಿದ್ದೆವು, ವೈಬ್ರೇಷನ್ ನಿಲ್ಲಿಸಿರಲಿಲ್ಲ. ಫ್ರಿಜ್ಜಿನ ತಗಡಿನ ಮೇಲೆ ಫೋನ್ ನಡುಗಿದ್ದು ಜೀರುಂಡೆ ಡಬ್ಬದೊಳಗೆ ಸಿಕ್ಕಿಹಾಕಿಕೊಂಡ ಹಾಗೆ ಇಡೀ ಮನೆಗೆ ಕೇಳಿಸಿತು. ಮೇಜಿನ ಮೇಲಿದ್ದಾಗ ಅಷ್ಟು ಸದ್ದು ಮಾಡುತ್ತಿರಲಿಲ್ಲ. ಮಾರನೇ ದಿನ ವೈಬ್ರೇಷನ್ ಆರಿಸಿ, ಕೆಳಗೊಂದು ಮಡಿಸಿದ ಟವೆಲ್ ಹಾಕಿದೆವು.

ಅಲ್ಲಿಂದ ಮುಂದೆ ಫೋನ್ ನೋಡಬೇಕಾದರೆ ಅವಳು ಏನು ಮಾಡಬೇಕಿತ್ತು ನೋಡಿ. ಕುರ್ಚಿ ಹಿಂದೆ ತಳ್ಳಬೇಕು. ಬಾಗಿಲು ತೆಗೆಯಬೇಕು. ಹಜಾರದಲ್ಲಿ ನಮ್ಮ ಅತ್ತೆ ಸೀರಿಯಲ್ ನೋಡುತ್ತಾ ಕೂತಿರುತ್ತಾರೆ, ಅವರ ಮುಂದೆ ಹಾಯಬೇಕು. ಅವರು ಟಿವಿಯಿಂದ ಕಣ್ಣು ತೆಗೆಯದೆಯೇ "ಏನು ಮಗಾ, ಓದಾಯ್ತಾ?" ಎನ್ನುತ್ತಾರೆ. ಅತ್ತೆಗೆ ನಾನು ಏನೂ ಹೇಳಿಕೊಟ್ಟಿರಲಿಲ್ಲ. ಎಲ್ಲ ಸೇರಿ ಅರ್ಧ ನಿಮಿಷದ ಕೆಲಸ. ಮೇಜಿನ ಮೇಲಿದ್ದಾಗ ಕೈ ತಾನಾಗಿ ಹೋಗುತ್ತಿತ್ತು, ಮನಸ್ಸಿಗೆ ಗೊತ್ತಾಗುವ ಮೊದಲೇ ಸ್ಕ್ರೀನ್ ಹೊತ್ತಿರುತ್ತಿತ್ತು. ಈಗ ಎದ್ದು ನಿಲ್ಲುವಾಗಲೇ "ನಾನು ಎಲ್ಲಿಗೆ ಹೊರಟೆ?" ಎಂಬುದು ಅವಳಿಗೇ ಕಾಣುತ್ತಿತ್ತು. ಅಷ್ಟು ಕಂಡರೆ ಹತ್ತರಲ್ಲಿ ಎಂಟು ಸಲ ಮತ್ತೆ ಕೂರುತ್ತಾರೆ.

ಫೋನಿನೊಳಗಿನ ಬೀಗಗಳನ್ನು ನಾನು ಅಷ್ಟಾಗಿ ನಂಬದಿರುವುದೂ ಇದೇ ಕಾರಣಕ್ಕೆ. 2018ರಿಂದೀಚೆಗೆ ಆಂಡ್ರಾಯ್ಡ್ ಮತ್ತು ಐಫೋನ್ ಎರಡರಲ್ಲೂ ಆ್ಯಪ್‌ಗಳಿಗೆ ದಿನಕ್ಕಿಷ್ಟು ಹೊತ್ತು ಎಂದು ಮಿತಿ ಹಾಕುವ ಸೌಲಭ್ಯ ಬಂದಿದೆ. ಐಫೋನಿನಲ್ಲಿ ಮಿತಿ ಮುಗಿದಾಗ ಬರುವ ಪರದೆಯ ಮೇಲೇ `Ignore Limit` ಎಂಬ ಗುಂಡಿಯೂ ಇರುತ್ತದೆ. ಅದನ್ನು ಒತ್ತಿದರೆ ಹದಿನೈದು ನಿಮಿಷಕ್ಕೆ ಬೇಕೋ, ಇಡೀ ದಿನಕ್ಕೆ ಬೇಕೋ ಎಂದು ಅದೇ ಕೇಳುತ್ತದೆ. ಬೀಗ ಹಾಕಿ ಬೀಗದ ಕೈಯನ್ನು ಅದರಲ್ಲೇ ಬಿಟ್ಟ ಹಾಗೆ. ಪಾಸ್‌ಕೋಡನ್ನು ಬೇರೆಯವರಿಂದ ಹಾಕಿಸಿದರೆ ಮಾತು ಬೇರೆ. ಅದಕ್ಕಿಂತ ಸುಲಭ, ಪರೀಕ್ಷೆಯ ತಿಂಗಳುಗಳಲ್ಲಿ ರೀಲ್ಸ್ ಇರುವ ಆ್ಯಪನ್ನೇ ತೆಗೆದುಹಾಕುವುದು. ಬೇಕಾದಾಗ ಬ್ರೌಸರಿನಲ್ಲಿ ಪಾಸ್‌ವರ್ಡ್ ಹೊಡೆದು ನೋಡಬಹುದು. ನೋಡಲು ಆಗುತ್ತದೆ, ಆದರೆ ಕೈ ತಾನಾಗಿ ಹೋಗುವುದು ನಿಲ್ಲುತ್ತದೆ.

ಎಲ್ಲಿ ಕೆಟ್ಟಿತು

ಮೊದಲ ಮೂರು ದಿನ ಅವಳಿಗೆ ಚಡಪಡಿಕೆ. ಪೆನ್ಸಿಲ್ ಕೆತ್ತಿದಳು, ನೀರು ಕುಡಿಯಲು ನಾಲ್ಕು ಸಲ ಎದ್ದಳು, ಕಿಟಕಿಯಿಂದ ಎದುರು ಮನೆಯ ನಾಯಿಯನ್ನು ನೋಡುತ್ತಾ ಕೂತಳು. ಫೋನ್ ತೆಗೆದರೆ ಓದು ತಾನಾಗಿ ಬರುತ್ತದೆ ಎಂದುಕೊಂಡವರಿಗೆ ಇಲ್ಲಿ ನಿರಾಸೆಯಾಗುತ್ತದೆ. ಆದರೆ ನಾಯಿಯನ್ನು ಎಷ್ಟು ಹೊತ್ತು ನೋಡಲಾದೀತು? ಎರಡು ನಿಮಿಷಕ್ಕೆ ಅದು ಮಲಗಿತು, ಇವಳು ಪುಟಕ್ಕೆ ಮರಳಿದಳು. ರೀಲ್ಸ್‌ನಲ್ಲಿ ನಾಯಿ ಮಲಗುವುದೇ ಇಲ್ಲ, ಒಂದು ಮುಗಿದರೆ ಇನ್ನೊಂದು ಬರುತ್ತಲೇ ಇರುತ್ತದೆ.

ನಾಲ್ಕನೇ ದಿನ ಗೀಟುಗಳು ಕಡಿಮೆಯಾಗಿದ್ದರೂ ಪುಟಗಳು ಹೆಚ್ಚಾಗಿರಲಿಲ್ಲ. ಏನೆಂದು ನೋಡಿದರೆ, ಯಾವುದೋ ಪಾಠ ನೋಡಲು ನನ್ನ ಲ್ಯಾಪ್‌ಟಾಪ್ ತೆಗೆದುಕೊಂಡಿದ್ದಳು, ಅದರಲ್ಲಿ ವಾಟ್ಸ್‌ಆ್ಯಪ್ ವೆಬ್ ತೆರೆದಿತ್ತು. ನೀರು ಒಂದು ಕಡೆ ಕಟ್ಟಿದರೆ ಇನ್ನೊಂದು ಕಡೆ ಹರಿಯುತ್ತದೆ. ಫೋನಿನ ವಾಟ್ಸ್‌ಆ್ಯಪ್‌ನಲ್ಲಿ `Linked devices` ಎಂಬಲ್ಲಿಗೆ ಹೋಗಿ ಲ್ಯಾಪ್‌ಟಾಪನ್ನು ತೆಗೆದುಹಾಕಿದಳು. ವಿಡಿಯೋ ಪಾಠಗಳನ್ನು ಎಂಟೂವರೆ ನಂತರಕ್ಕೆ ತಳ್ಳಿದೆವು, ಹಜಾರದಲ್ಲಿ ಕೂತು, ಡೌಟಿನ ಪಟ್ಟಿ ಹಿಡಿದುಕೊಂಡು.

ಇನ್ನೊಂದು ತೂತು ಬಿಡುವಿನದು. ಐವತ್ತು ನಿಮಿಷಕ್ಕೆ ಹತ್ತು ನಿಮಿಷ ಬಿಡುವು ಅಂತ ಮಾಡಿಕೊಂಡಿದ್ದಳು. ಆ ಹತ್ತು ನಿಮಿಷ ಫೋನ್ ನೋಡುತ್ತೇನೆ ಎಂದಳು. ನನಗೂ ಸರಿ ಎನಿಸಿತ್ತು. ಆಮೇಲೆ ಅಮೆರಿಕದ ರಟ್ಗರ್ಸ್ ವಿಶ್ವವಿದ್ಯಾಲಯದವರು 2019ರಲ್ಲಿ ಪ್ರಕಟಿಸಿದ ಒಂದು ಪ್ರಯೋಗದ ಬಗ್ಗೆ ಓದಿದೆ. 414 ವಿದ್ಯಾರ್ಥಿಗಳಿಗೆ ಅಕ್ಷರ ಕೂಡಿಸಿ ಪದ ಮಾಡುವ ಒಗಟುಗಳನ್ನು ಕೊಟ್ಟು, ಮಧ್ಯದಲ್ಲಿ ಕೆಲವರಿಗೆ ಫೋನಿನೊಂದಿಗೆ, ಕೆಲವರಿಗೆ ಕಾಗದ ಅಥವಾ ಕಂಪ್ಯೂಟರ್‌ನೊಂದಿಗೆ ಬಿಡುವು ಕೊಟ್ಟರು, ಕೆಲವರಿಗೆ ಬಿಡುವೇ ಇಲ್ಲ. ಫೋನ್ ಹಿಡಿದು ಬಿಡುವು ತೆಗೆದುಕೊಂಡವರು ವಾಪಸ್ ಬಂದಾಗ ಬಿಡುವೇ ಸಿಗದವರಷ್ಟೇ ದಣಿದಿದ್ದರು. ನಮ್ಮ ಮನೆಯಲ್ಲಿ ಆದದ್ದು ಇನ್ನೂ ಸರಳ: ಹತ್ತು ನಿಮಿಷ ಇಪ್ಪತ್ತೈದಾಗುತ್ತಿತ್ತು. ಈಗ ಬಿಡುವಿನಲ್ಲಿ ಮಹಡಿಗೆ ಹೋಗಿ ಒಣಗಿದ ಬಟ್ಟೆ ತರುತ್ತಾಳೆ. ಬಟ್ಟೆ ತಂದ ಮೇಲೆ ಬಿಡುವು ಮುಗಿಯುತ್ತದೆ.

ಎಲ್ಲಕ್ಕಿಂತ ದೊಡ್ಡ ಎಡವಟ್ಟು ನನ್ನದೇ. ಎರಡನೇ ವಾರದಲ್ಲಿ ಒಂದು ಸಂಜೆ ಅವಳು ಫೋನ್ ಇಡಲು ಮರೆತಿದ್ದಳು. ನಾನೇ ಕೋಣೆಗೆ ಹೋಗಿ ಮೇಜಿನಿಂದ ಎತ್ತಿಕೊಂಡು ಬಂದೆ. ಅವತ್ತು ಓದಲೂ ಇಲ್ಲ, ಊಟಕ್ಕೂ ಸರಿಯಾಗಿ ಕೂರಲಿಲ್ಲ. ಫ್ರಿಜ್ಜಿನ ಮೇಲಿನ ಜಾಗ ಅವಳೇ ಆರಿಸಿದ್ದು, ದಿನಾ ಅವಳೇ ಹೋಗಿ ಇಟ್ಟು ಬರುತ್ತಿದ್ದಳು. ನಾನು ಕಿತ್ತುಕೊಂಡ ಕೂಡಲೇ ಅದು ಅವಳ ಉಪಾಯವಾಗಿ ಉಳಿಯದೆ ನನ್ನ ಶಿಕ್ಷೆಯಾಯಿತು. ಶಿಕ್ಷೆಯಿಂದ ತಪ್ಪಿಸಿಕೊಳ್ಳಲು ಹದಿನೇಳು ವರ್ಷದವರಿಗೆ ಯಾರೂ ಪಾಠ ಹೇಳಬೇಕಾಗಿಲ್ಲ. ಮಾರನೇ ದಿನ ಕ್ಷಮೆ ಕೇಳಿದೆ. ಆಗ ಅವಳು ಒಂದು ಷರತ್ತು ಹಾಕಿದಳು: "ನಿಮ್ದೂ ಇಡಿ ಚಿಕ್ಕಮ್ಮ."

ನ್ಯಾಯವಾದ ಮಾತೇ. ಹಜಾರದಲ್ಲಿ ನನ್ನ ಫೋನ್ ಟಿಂಗ್ ಎಂದರೆ ಅವಳ ಕಿವಿ ನೆಟ್ಟಗಾಗುತ್ತಿತ್ತು. ಸುತ್ತಲಿನವರೂ ಪರಿಸರವೇ ತಾನೇ. ಬೆಳಗಾವಿಗೆ ಆಚೆ, ಮಹಾರಾಷ್ಟ್ರದ ಸಾಂಗ್ಲಿ ಜಿಲ್ಲೆಯ ಮೋಹಿತ್ಯಾಂಚೆ ವಡಗಾಂವ್ ಎಂಬ ಹಳ್ಳಿಯವರು ಇದನ್ನು 2022ರಲ್ಲೇ ಕಂಡುಕೊಂಡರು. ಅಲ್ಲಿ ಸಂಜೆ ಏಳಕ್ಕೆ ಸೈರನ್ ಊದಿದರೆ ಊರಿಗೆ ಊರೇ ಟಿವಿ, ಫೋನ್ ಆರಿಸುತ್ತದೆ, ಎಂಟೂವರೆಯವರೆಗೆ. ಮಕ್ಕಳು ಓದಲು ಕೂರುತ್ತಾರೆ. ಕೋವಿಡ್ ಕಾಲದ ಆನ್‌ಲೈನ್ ತರಗತಿಗಳು ಮುಗಿದರೂ ಮಕ್ಕಳ ಕೈಯಿಂದ ಫೋನ್ ಇಳಿಯದಿದ್ದದ್ದನ್ನು ನೋಡಿ ಮಾಡಿದ ಏರ್ಪಾಡು ಅದು. ಪಕ್ಕದ ಮನೆಯಲ್ಲೂ ಫೋನ್ ಆರಿರುವಾಗ ನಾನೇನನ್ನು ಕಳೆದುಕೊಳ್ಳುತ್ತಿದ್ದೇನೆ ಎಂಬ ಚಿಂತೆಗೆ ಜಾಗವೆಲ್ಲಿ? ಗ್ರೂಪಿನಲ್ಲಿ ಮೆಸೇಜ್ ಹಾಕುವವರೇ ಇರುವುದಿಲ್ಲ.

ಒಂದೇ ಕೋಣೆಯ ಮನೆಯಲ್ಲಿ, ಹಾಸ್ಟೆಲಿನಲ್ಲಿ, ಪಿಜಿಯಲ್ಲಿ ಇರುವವರು ಪಕ್ಕದ ಕೋಣೆಯನ್ನು ಎಲ್ಲಿಂದ ತರುತ್ತಾರೆ ಎಂದು ಓದುಗರು ಕೇಳಬಹುದು. ಅಳತೆ ಅಡಿಗಳಲ್ಲಿ ಅಲ್ಲ, ಹೆಜ್ಜೆಗಳಲ್ಲಿ. ಫೋನ್ ಆರಿಸಿ, ಚೀಲಕ್ಕೆ ಹಾಕಿ, ಚೀಲವನ್ನು ಅಟ್ಟದ ಮೇಲಿಟ್ಟರೆ ಹತ್ತು ಅಡಿಯ ಕೋಣೆಯಲ್ಲೂ ನಾಲ್ಕು ಹೆಜ್ಜೆ ಹುಟ್ಟುತ್ತವೆ: ಸ್ಟೂಲು ಎಳೆಯಬೇಕು, ಹತ್ತಬೇಕು, ಚೀಲ ಬಿಚ್ಚಬೇಕು, ಫೋನ್ ಹೊತ್ತಿಕೊಳ್ಳುವವರೆಗೆ ಕಾಯಬೇಕು. ಹಾಸ್ಟೆಲಿನಲ್ಲಿ ಇಬ್ಬರು ಗೆಳೆಯರು ಲಾಕರಿನ ಬೀಗದ ಕೈಗಳನ್ನು ಅದಲುಬದಲು ಮಾಡಿಕೊಂಡರೆ ಕೇಳಿ ಪಡೆಯಬೇಕಾಗುತ್ತದೆ, ಕೇಳಲು ನಾಚಿಕೆಯಾಗುತ್ತದೆ. ಪಾಠವೆಲ್ಲ ಫೋನಿನಲ್ಲೇ ಇರುವವರ ಕಷ್ಟ ನಿಜಕ್ಕೂ ದೊಡ್ಡದು. ಮನೆಯಲ್ಲಿ ಹಳೆಯದೊಂದು ಫೋನಿದ್ದರೆ ಅದರಲ್ಲಿ ಸಿಮ್ ಇಲ್ಲದೆ, ಪಾಠಗಳನ್ನು ಮಾತ್ರ ಇಳಿಸಿಕೊಂಡು, ವೈಫೈ ಆರಿಸಿ ಬಳಸಬಹುದು. ಇರುವುದು ಒಂದೇ ಫೋನಾದರೆ, ಪಾಠ ಇಳಿಸಿಕೊಂಡು ಏರೋಪ್ಲೇನ್ ಮೋಡ್ ಹಾಕುವುದು ಅದಕ್ಕಿಂತ ದುರ್ಬಲವಾದ ಉಪಾಯ, ಯಾಕೆಂದರೆ ಅದನ್ನು ತೆಗೆಯಲು ಒಂದು ಬೆರಳು ಸಾಕು. ಅಂಥವರು ಓದುವ ಜಾಗವನ್ನೇ ಬದಲಿಸಿದರೆ ಮೇಲು: ಗ್ರಂಥಾಲಯ, ಇಲ್ಲವೇ ಪಂಚಾಯಿತಿಯ ಅರಿವು ಕೇಂದ್ರ. ಅಲ್ಲಿಗೆ ಪುಸ್ತಕ ಹಿಡಿದು, ಫೋನ್ ಮನೆಯಲ್ಲಿ ಬಿಟ್ಟು ಹೋಗುವುದು.

ಕೆಲಸ ಆಗುತ್ತಿದೆಯೇ ಇಲ್ಲವೇ ಎಂದು ತಿಳಿಯಲು ಫೋನ್ ತೋರಿಸುವ ಸ್ಕ್ರೀನ್ ಟೈಮ್ ಲೆಕ್ಕ ಸಾಲದು. ಓದಿನ ಎರಡು ಗಂಟೆಯಲ್ಲಿ ಉಳಿದದ್ದನ್ನು ರಾತ್ರಿ ಹಾಸಿಗೆಯಲ್ಲಿ ಖರ್ಚು ಮಾಡಿದರೆ ಆ ಲೆಕ್ಕ ಬದಲಾಗುವುದೇ ಇಲ್ಲ. ನಾವು ಮಾಡಿದ್ದು ಹೀಗೆ: ಎಂಟೂವರೆಗೆ ಪುಸ್ತಕ ಮುಚ್ಚಿ, ಅವತ್ತು ಓದಿದ್ದರಲ್ಲಿ ನೆನಪಿರುವುದನ್ನು ಒಂದು ಹಾಳೆಯ ಮೇಲೆ ಬರೆಯುವುದು. ಜುಲೈನ ಆ ಮೊದಲ ಸಂಜೆಯ ಹಾಳೆಯಲ್ಲಿ ಐದು ಸಾಲಿದ್ದವು. ಆಗಸ್ಟ್ ಕೊನೆಯ ಹೊತ್ತಿಗೆ ಹಾಳೆಯ ಎರಡೂ ಬದಿ ತುಂಬುತ್ತಿತ್ತು, ಗೀಟುಗಳು ಮೂರೋ ನಾಲ್ಕೋ. ಗಾಸ್‌ನ ಆ ತಂತಿಯ ಲೆಕ್ಕವನ್ನು ಪುಸ್ತಕ ನೋಡದೆ ಬಿಡಿಸಿ ತೋರಿಸಿದ ದಿನ ಅವಳಿಗೆ ನಾನು ಏನೂ ಹೇಳಲಿಲ್ಲ, ಒಂದು ಮಸಾಲೆ ದೋಸೆ ಕೊಡಿಸಿದೆ.

ಅಕ್ಟೋಬರಿನಲ್ಲಿ ಎಲ್ಲ ಹಳೇ ದಾರಿಗೆ ಬಿತ್ತು. ದಸರಾ ರಜಕ್ಕೆ ಊರಿಗೆ ಹೋಗಿ ಬಂದಿದ್ದಳು, ಬಂದ ಮೇಲೆ ಫೋನ್ ಮತ್ತೆ ಮೇಜಿಗೆ ಬಂದಿತ್ತು. ಇಬ್ಬರೂ ಯಾಕೆ ಅಂತ ಯೋಚಿಸಿದೆವು. ಕಾರಣ ಮೇಜಿನ ಪಕ್ಕದ ಗೋಡೆಯಲ್ಲೇ ಇತ್ತು. ಜುಲೈಯಿಂದ ಸೆಪ್ಟೆಂಬರಿನವರೆಗೂ ಚಾರ್ಜರ್ ಅವಳ ಮೇಜಿನ ಪಕ್ಕದ ಪ್ಲಗ್ಗಿನಲ್ಲೇ ಇತ್ತು. ದಿನಾ ಫೋನನ್ನು ಅಲ್ಲಿಂದ ಕಳಚಿ ಫ್ರಿಜ್ಜಿಗೆ ಒಯ್ಯುವುದು ಅವಳು ನೆನಪಿಟ್ಟು ಮಾಡಬೇಕಾದ ಕೆಲಸವಾಗಿತ್ತು, ನೆನಪು ತಪ್ಪಿದ ದಿನ ಫೋನ್ ತನ್ನ ಮನೆಗೆ ವಾಪಸ್ ಬಂದಿತ್ತು. ಚಾರ್ಜರನ್ನು ಅಲ್ಲಿಂದ ತೆಗೆದು ಅಡುಗೆಮನೆಯಲ್ಲಿ ಮಿಕ್ಸಿಯ ಪಕ್ಕದ ಪ್ಲಗ್ಗಿಗೆ ಹಾಕಿದೆವು. ಕಾಲೇಜಿನಿಂದ ಬರುವ ಹೊತ್ತಿಗೆ ಅವಳ ಫೋನಿನಲ್ಲಿ ಚಾರ್ಜ್ ಹೇಗೂ ಮುಗಿದಿರುತ್ತಿತ್ತು, ಚೀಲ ಇಳಿಸಿದವಳೇ ನೇರ ಅಡುಗೆಮನೆಗೆ ಹೋಗಿ ಸಿಕ್ಕಿಸಿ ಬರುತ್ತಿದ್ದಳು. ಪರೀಕ್ಷೆ ಮುಗಿಯುವವರೆಗೂ ಅದನ್ನು ಯಾರೂ ನೆನಪಿಸಬೇಕಾಗಿ ಬರಲಿಲ್ಲ.

ನಿಮ್ಮ ಮನೆಯಲ್ಲಿ ಓದುವವರಿದ್ದರೆ ಅವರಿಗೆ ಇವತ್ತು ಬುದ್ಧಿವಾದ ಹೇಳಬೇಡಿ. ಅವರನ್ನೂ ಕರೆದುಕೊಂಡು ಓದುವ ಮೇಜಿನ ಹತ್ತಿರ ಹೋಗಿ, ಚಾರ್ಜರ್ ಯಾವ ಪ್ಲಗ್ಗಿನಲ್ಲಿದೆ ನೋಡಿ.